ಎಂಟು ಮಂದಿಯ ಕ್ಷೇತ್ರ

ನಾನು ಕಾಪಿ ಹೊಡೆದದ್ದು ಜೀವಮಾನದಲ್ಲಿ ಒಂದೇ ಸಲ. ಅದನ್ನೂ ನೆಟ್ಟಗೆ ಹೊಡೆಯಲಿಲ್ಲ. ಸಫ್ವಾನ್ ಬರೆದ ಅಸೈನ್‌ಮೆಂಟನ್ನು ಅಕ್ಷರಕ್ಕೆ ಅಕ್ಷರ ಇಳಿಸುವ ಭರದಲ್ಲಿ ಅವನ ರಿಜಿಸ್ಟರ್ ನಂಬರನ್ನೂ ಇಳಿಸಿಬಿಟ್ಟೆ. ಸೌದಾಮಿನಿ ಟೀಚರ್ ಎರಡೂ ಹಾಳೆಗಳನ್ನು ಅಕ್ಕಪಕ್ಕ ಹಿಡಿದು, ಇಡೀ ಕ್ಲಾಸಿನ ಎದುರು, "ಸಫ್ವಾನ್, ನೀನು ಎರಡು ಸಲ ಬರೆದದ್ದು ಯಾಕೆ ಮಾರಾಯ? ಒಮ್ಮೆ ಹುಡುಗಿಯ ಅಕ್ಷರದಲ್ಲಿ?" ಎಂದು ಕೇಳಿದರು. ಹನ್ನೆರಡು ಮಂದಿಯ ಕ್ಲಾಸು. ಹನ್ನೊಂದು ಮಂದಿ ನಕ್ಕರು. ಆಮೇಲೆ ಟೀಚರ್ ನನ್ನನ್ನು ನೋಡಿ ನಗದೆ ಒಂದು ಮಾತು ಹೇಳಿದರು: "ಪೂಜಾಶ್ರೀ, ಇನ್ನೊಮ್ಮೆ ಹೀಗಾದರೆ ನನ್ನ ಹತ್ತಿರ ಪ್ರಾಜೆಕ್ಟಿಗೆ ಬರ್ಲಿಕ್ಕೆ ಇಲ್ಲ."

ಆ ಮಾತು ನನಗೆ ತಾಗಿತು. ಎಂಎಸ್ಸಿ ಎರಡನೇ ವರ್ಷದಲ್ಲಿ ಪ್ರತಿಯೊಬ್ಬರೂ ಒಬ್ಬ ಟೀಚರನ್ನು ಹಿಡಿದು ಪ್ರಾಜೆಕ್ಟ್ ಮಾಡಬೇಕು. ಸೌದಾಮಿನಿ ಟೀಚರ್ ವರ್ಷಕ್ಕೆ ಇಬ್ಬರನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಅವರ ವಿಷಯ ಕೋಡಿಂಗ್ ಥಿಯರಿ, ಅಂದರೆ ಕಳಿಸಿದ ಸಂದೇಶದಲ್ಲಿ ದಾರಿಮಧ್ಯೆ ತಪ್ಪು ನುಸುಳಿದರೆ ಆ ತಪ್ಪು ಎಲ್ಲಿದೆ ಎಂದು ಸಂದೇಶವೇ ಹೇಳುವಂತೆ ಮಾಡುವ ವಿದ್ಯೆ. ಅದನ್ನು ಅವರು ಮೊದಲ ದಿನ ವಿವರಿಸಿದಾಗ ನನ್ನ ಮೈ ಜುಮ್ಮೆಂದಿತ್ತು. ನನಗೆ ಅದೇ ಬೇಕಿತ್ತು, ಬೇರೆ ಯಾವುದೂ ಬೇಡವಾಗಿತ್ತು.

ಎರಡು ಸೀಟಿನಲ್ಲಿ ಒಂದು ಆಗಲೇ ರಿಫಾನಾಳ ಪಾಲಾಗಿತ್ತು. ಅವಳು ನನ್ನ ಗೆಳತಿ, ತಲೆ ಚುರುಕು, ತಕರಾರಿಲ್ಲ. ಉಳಿದ ಒಂದು ಸೀಟಿಗೆ ಇಬ್ಬರು: ನಾನು, ಮತ್ತು ಯಾರ ನಂಬರನ್ನು ನಾನು ಕದ್ದಿದ್ದೆನೋ ಅದೇ ಸಫ್ವಾನ್. ಅವನಿಗೆ ಗಣಿತ ಬರುತ್ತದೆ, ಇಲ್ಲವೆನ್ನಲಾರೆ. ಆದರೆ ಬರುತ್ತದೆ ಎಂದು ಅವನಿಗೆ ಗೊತ್ತಿರುವುದು ಮಾತ್ರ ನನಗೆ ಸಹಿಸಲಾಗದು.

ಟೀಚರ್ ಒಂದು ಶುಕ್ರವಾರ ತೀರ್ಮಾನ ಹೇಳಿದರು. ಅಂದು ನವೆಂಬರ್ ಒಂದು. ನಮ್ಮ ಗಡಿನಾಡಿನ ಊರಿನಲ್ಲಿ ಆ ತಾರೀಕಿಗೆ ಬಿಡುವಿಲ್ಲ. ಅತ್ತ ಕೇರಳ ಹುಟ್ಟಿದ ದಿನ, ಇತ್ತ ರಾಜ್ಯೋತ್ಸವ. ಕಾಲೇಜಿನಲ್ಲಿ ಹುಡುಗಿಯರಿಗೆಲ್ಲ ಚಿನ್ನದಂಚಿನ ಬಿಳಿ ಸೆಟ್ಟು ಸೀರೆ, ಹುಡುಗರಿಗೆ ಬಿಳಿ ಮುಂಡು. ನಾನು ತಿರುವಾದಿರ ಕುಣಿಯುವ ತಂಡದಲ್ಲಿ ಬೇರೆ ಇದ್ದೆ. ಹನ್ನೊಂದು ಗಂಟೆಗೆ ಕುಣಿತ. ಹತ್ತೂ ಐವತ್ತಕ್ಕೆ ಟೀಚರ್ ಬೋರ್ಡಿನ ಮೂಲೆಯಲ್ಲಿ ದೊಡ್ಡದಾಗಿ ನಾಲ್ಕು ಅಂಕೆ ಬರೆದರು, ಚಾಕ್‌ಪೀಸ್ ಕೆಳಗಿಟ್ಟರು.

"ಇದು ಪಾಲಿನೋಮಿಯಲ್. ಇದರಿಂದ ಎಂಟು ಮಂದಿಯ ಕ್ಷೇತ್ರ ಕಟ್ಟಿ, ಗುಣಾಕಾರದ ಇಡೀ ಕೋಷ್ಟಕ ಬರೆದು ಎಲ್ಲರೂ ಸೋಮವಾರ ತನ್ನಿ. ಪೂಜಾಶ್ರೀ, ಸಫ್ವಾನ್, ನಿಮ್ಮಿಬ್ಬರಲ್ಲಿ ಯಾರದ್ದು ಸರಿ ಉಂಟೋ ಅವರಿಗೆ ಸೀಟು."

ಹೊರಗಿನಿಂದ ತಂಡದವರು ಕರೆಯುತ್ತಿದ್ದರು. ಪುಸ್ತಕ ಚೀಲದೊಳಗೆ, ಚೀಲ ಬೆಂಚಿನ ಕೆಳಗೆ, ನಾನು ಸೀರೆಯೊಳಗೆ. ಮೊಬೈಲ್ ಕೈಯಲ್ಲಿತ್ತು. ಬೋರ್ಡಿಗೆ ಬೆನ್ನು ಹಾಕಿ ನಿಂತು ಒಂದು ಸೆಲ್ಫಿ ಹೊಡೆದೆ: ಮುಡಿಯಲ್ಲಿ ಮಲ್ಲಿಗೆ, ಹೆಗಲಿನ ಮೇಲುಗಡೆ ನಾಲ್ಕು ಅಂಕೆ. ಎರಡೂ ಕೆಲಸ ಒಟ್ಟಿಗೆ ಆಯಿತು ಎಂದು ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡು ಓಡಿದೆ.

ಕುಣಿತ ಚೆನ್ನಾಗಿಯೇ ಆಯಿತು. ಅದಿರಲಿ.

ಶನಿವಾರ ಪುತ್ತಿಗೆಯ ಮನೆಯಲ್ಲಿ, ಅಡಿಗೆಕೋಣೆಯ ಮೇಜಿನ ಮೇಲೆ ಪುಸ್ತಕ ಹರಡಿ ಕೂತೆ. ಈಗ ಒಂದು ಗುಟ್ಟು ಹೇಳಬೇಕು. ನನ್ನ ಚೀಲದಲ್ಲಿ ಒಂದು ಜೆರಾಕ್ಸ್ ಪ್ರತಿಯೂ ಇತ್ತು. ನಾಯ್ಮಾರ್ಮೂಲೆಯ ಒಂದು ಜೆರಾಕ್ಸ್ ಅಂಗಡಿಯಲ್ಲಿ "ಸೌದಾಮಿನಿ ಟೀಚರ್ ನೋಟ್ಸ್" ಎಂದರೆ ಸಾಕು, ಒಂದು ಕಟ್ಟು ಕೊಡುತ್ತಾರೆ. ಎಷ್ಟೋ ಬ್ಯಾಚಿನಿಂದ ಬಂದದ್ದು, ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸು. ಅದರ ಕೊನೆಯ ಪುಟದಲ್ಲಿ ಎಂಟರ ಕ್ಷೇತ್ರದ ಕೋಷ್ಟಕ ಸಿದ್ಧವಾಗಿ ಕೂತಿದೆ, ತಲೆಬರಹ 1011. ನಾನು ಕದಿಯುವುದಿಲ್ಲ, ನಾನು ಬರೆದದ್ದನ್ನು ಅದರೊಂದಿಗೆ ತಾಳೆ ನೋಡುತ್ತೇನೆ ಅಷ್ಟೇ ಎಂದು ಮನಸ್ಸಿಗೆ ಹೇಳಿಕೊಂಡೆ. ಮನಸ್ಸು ನಂಬಲಿಲ್ಲ, ಆದರೂ ಸುಮ್ಮನಿತ್ತು.

ಆಮೇಲೆ ಸೆಲ್ಫಿ ತೆಗೆದು ನೋಡಿದರೆ, ಹೆಗಲಿನ ಮೇಲೆ 1101!

ಅಬ್ಬಾ, ಟೀಚರ್ ಎಂಥ ಕಿಲಾಡಿ! ಈ ವರ್ಷ ಪ್ರಶ್ನೆಯನ್ನೇ ಬದಲಿಸಿಬಿಟ್ಟಿದ್ದಾರೆ. ನನಗೆ ಸಿಟ್ಟು ಬಂತು. ಜೆರಾಕ್ಸನ್ನು ಅಕ್ಕಿ ಡಬ್ಬದ ಮೇಲೆ ಬಿಸಾಡಿ, "ಆಗಲಿ, ನಾನೇ ಮಾಡ್ತೇನೆ, ಎಂತ ಆಗ್ತದೆ ನೋಡುವ" ಎಂದು ಪೆನ್ನು ಹಿಡಿದೆ.

"ಯಾರಿಗೆ ಬೈಯುದು?" ಎಂದಳು ಅಮ್ಮ, ಎದುರು ಕೂತು ಹರಿವೆ ಸೊಪ್ಪು ಬಿಡಿಸುತ್ತಾ. ಅಮ್ಮನ ಹೆಸರು ಸುಂದರಿ. ನಮ್ಮ ಮನೆಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಯಾರಿಗೂ ಇಲ್ಲ. ಎಂಟರ ಕ್ಷೇತ್ರ ಕಟ್ಟುದು."

ಅಮ್ಮನ ಕೈ ನಿಂತಿತು. "ಕ್ಷೇತ್ರವಾ? ಎಲ್ಲಿ? ದೇವಸ್ಥಾನದ ಬ್ರಹ್ಮಕಲಶಕ್ಕೆ ದಿನ ಆಗಿದೆಯಾ?"

"ಅದಲ್ಲಮ್ಮ, ಲೆಕ್ಕದ ಕ್ಷೇತ್ರ. ಒಳಗೆ ಎಂಟೇ ಮಂದಿ. ಯಾರಿಗೆ ಯಾರನ್ನು ಕೂಡಿಸಿದ್ರೂ, ಗುಣಿಸಿದ್ರೂ ಆ ಎಂಟರಲ್ಲೇ ಒಬ್ಬರು ಬರ್ಬೇಕು. ಮತ್ತೆ ಸೊನ್ನೆ ಒಂದನ್ನು ಬಿಟ್ಟು ಯಾರಿಂದ ಬೇಕಾದ್ರೂ ಭಾಗಿಸ್ಲಿಕ್ಕೆ ಆಗ್ಬೇಕು."

"ಸೊನ್ನೆಯಿಂದ ಏಳರವರೆಗೆ ತಗೊಂಡ್ರೆ ಎಂಟಾಯ್ತಲ್ಲ. ಅದಕ್ಕೆಂತ ಇಷ್ಟು ಬೊಬ್ಬೆ?"

ಮೊದಲ ದಿನ ನಮ್ಮ ಕ್ಲಾಸಿನಲ್ಲಿ ಐದು ಮಂದಿ ಇದನ್ನೇ ಹೇಳಿದ್ದರು. "ಎಂಟಕ್ಕೆ ಬಂದ ಕೂಡಲೆ ಪುನಃ ಸೊನ್ನೆ ಅಂತ ಇಟ್ಟುಕೊಂಡ್ರೆ ಎರಡು ನಾಲ್ಕಲ ಎಂಟು, ಅಂದ್ರೆ ಸೊನ್ನೆ. ಎರಡೂ ಸೊನ್ನೆ ಅಲ್ಲ, ನಾಲ್ಕೂ ಸೊನ್ನೆ ಅಲ್ಲ, ಆದ್ರೂ ಗುಣಿಸಿದ್ರೆ ಸೊನ್ನೆ. ಅಂಥವರು ಇದ್ರೆ ಭಾಗಾಕಾರ ನಡೆಯುದಿಲ್ಲ. ಅದಕ್ಕೇ ಬೇರೆ ಉಪಾಯ ಮಾಡುದು."

ಉಪಾಯ ಇದು. ಬರೀ ಸೊನ್ನೆ, ಒಂದು ಎಂಬ ಎರಡೇ ಅಂಕೆ ಇಟ್ಟುಕೊಳ್ಳುವುದು. ಒಂದಕ್ಕೆ ಒಂದು ಕೂಡಿದರೆ ಸೊನ್ನೆ. ಆ ಅಂಕೆಗಳನ್ನು ಹಚ್ಚಿ x, x² ಎಂದೆಲ್ಲ ಬಹುಪದೋಕ್ತಿ, ಅಂದರೆ ಪಾಲಿನೋಮಿಯಲ್, ಬರೆಯುವುದು. ಯಾವುದು ಬಂದರೂ ಬೋರ್ಡಿನಲ್ಲಿ ಕೊಟ್ಟ ಬಹುಪದೋಕ್ತಿಯಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳುವುದು. ಭಾಜಕದಲ್ಲಿ x³ ಇರುವುದರಿಂದ ಶೇಷದಲ್ಲಿ x², x, ಒಂದು ಎಂಬ ಮೂರು ಜಾಗ ಮಾತ್ರ. ಪ್ರತಿ ಜಾಗದಲ್ಲಿ ಸೊನ್ನೆ ಅಥವಾ ಒಂದು. ಎರಡು ಗುಣಿಸು ಎರಡು ಗುಣಿಸು ಎರಡು, ಎಂಟು. ನಾವು ಅವನ್ನು ಚುಟುಕಾಗಿ ಬರೆಯುತ್ತೇವೆ: 110 ಎಂದರೆ x²+x, 011 ಎಂದರೆ x+1. ಎಡಗಡೆಯದ್ದು ದೊಡ್ಡ ಘಾತ.

"ಒಂದಕ್ಕೆ ಒಂದು ಕೂಡಿದ್ರೆ ಸೊನ್ನೆಯಾ?" ಅಮ್ಮನಿಗೆ ಅದೊಂದೇ ಕಿವಿಗೆ ಬಿದ್ದದ್ದು.

"ಹೌದು."

"ಮತ್ತೆ ಸರಿಯೇ. ನಾನೂ ನಿನ್ನ ಅಪ್ಪನೂ ಕೂಡಿ ಒಂದು ಕೆಲಸಕ್ಕೆ ಹೊರಟ್ರೆ ಹಾಗೇ ಆಗುದು," ಎಂದು ಅಮ್ಮ ಸೊಪ್ಪು ತೊಳೆಯಲು ಎದ್ದಳು.

ನಾನು ಕೂತು ಮಾಡಿದೆ. 1101 ಅಂದರೆ x³+x²+1. ಇದು ಎರಡಾಗಿ ಒಡೆಯುತ್ತದೆಯೇ ಎಂದು ಮೊದಲು ನೋಡಬೇಕು; ಒಡೆದರೆ ಸೊನ್ನೆಯಲ್ಲದ ಎರಡು ತುಂಡುಗಳನ್ನು ಗುಣಿಸಿದಾಗ ಸೊನ್ನೆ ಬಂದು, ಅದೇ ಎರಡು ನಾಲ್ಕಲ ಎಂಟರ ಗತಿ. ಮೂರನೇ ಘಾತದ್ದು ಒಡೆಯಬೇಕಾದರೆ ಅದಕ್ಕೊಂದು ಮೂಲ, ಅಂದರೆ x ಗೆ ಹಾಕಿದರೆ ಸೊನ್ನೆ ತರುವ ಅಂಕೆ, ಇರಲೇಬೇಕು. x ಗೆ ಸೊನ್ನೆ ಹಾಕಿದೆ, ಒಂದು ಬಂತು. ಒಂದು ಹಾಕಿದೆ, ಒಂದು ಮೂರು ಸಲ ಕೂಡಿ ಪುನಃ ಒಂದೇ ಬಂತು. ಸೊನ್ನೆ ಬರಲೇ ಇಲ್ಲ. ಹಾಗಾದರೆ ಗಟ್ಟಿ.

ಮತ್ತೆ x³+x²+1 ಸೊನ್ನೆ ಎಂದರೆ x³ ಬಂದ ಕಡೆಯಲ್ಲೆಲ್ಲ x²+1 ಬರೆಯಬಹುದು. ಇಲ್ಲಿ ಕೂಡುವುದೂ ಕಳೆಯುವುದೂ ಒಂದೇ ಅಲ್ಲವೇ! x ನ ಘಾತಗಳನ್ನು ಸಾಲಾಗಿ ಬರೆದೆ: 010, 100, 101, 111, 011, 110, ಏಳನೆಯದು 001. ಏಳು ಹೆಜ್ಜೆಗೆ ಸುತ್ತು ಹೊಡೆದು ಒಂದಕ್ಕೆ ಬಂದು ನಿಂತಿತು. ಸೊನ್ನೆಯ ಹೊರತು ಎಲ್ಲರೂ ಒಂದೊಂದು ಸಲ ಬಂದಿದ್ದರು. ನನಗೆ ಎಷ್ಟು ಖುಷಿಯಾಯಿತೆಂದರೆ ಒದ್ದೆ ಕೈಯ ಅಮ್ಮನನ್ನು ಹಿಡಿದು ತಿರುವಾದಿರದ ಎರಡು ಹೆಜ್ಜೆ ಹಾಕಿಸಿದೆ. ಆಮೇಲೆ ಕೋಷ್ಟಕ ತುಂಬುವುದು ಸಲೀಸು. ಘಾತ ಕೂಡಿಸಿ ಏಳು ದಾಟಿದರೆ ಏಳು ಕಳೆಯುವುದು. ಭಾನುವಾರ ಸಂಜೆಗೆ ಮುಗಿಯಿತು. ಸೊನ್ನೆಯದ್ದು ಬಿಟ್ಟು ಪ್ರತಿ ಸಾಲಿನಲ್ಲೂ ಪ್ರತಿಯೊಬ್ಬರೂ ಒಮ್ಮೆ ಮಾತ್ರ ಇದ್ದಾರೆಯೇ ಎಂದು ಮೂರು ಸಲ ನೋಡಿದೆ. ಇದ್ದರು.

ಸೋಮವಾರ ಬಸ್ಸಿನಲ್ಲಿ ವಿದ್ಯಾನಗರದ ಕಚೇರಿಗೆ ಹೋಗುವ ಗುಮಾಸ್ತರ ಮಧ್ಯೆ ಸಿಕ್ಕಿಕೊಂಡು, ಹಾಳೆ ಮಡಚದ ಹಾಗೆ ತಲೆಯ ಮೇಲೆ ಎತ್ತಿ ಹಿಡಿದು ನಿಂತೇ ಬಂದೆ.

ಟೀಚರ್ ನಮ್ಮಿಬ್ಬರ ಹಾಳೆ ತೆಗೆದುಕೊಂಡು ನೋಡಿದರು. ಸಫ್ವಾನ್‌ನದ್ದನ್ನು ನೋಡುವಾಗ ಅವರ ಹುಬ್ಬು ಒಂದು ಜಾಗದಲ್ಲಿ ಸ್ವಲ್ಪ ಮೇಲೆ ಹೋಯಿತು. ನನ್ನದನ್ನು ನೋಡುವಾಗ ಎರಡೂ ಹುಬ್ಬು ಹೋದವು.

"ಇಬ್ಬರೂ ಬೋರ್ಡಿಗೆ ಬನ್ನಿ. 110 ನ್ನು 011 ರಿಂದ ಗುಣಿಸಿ."

ಇಬ್ಬರೂ ಬರೆದೆವು. x²+x ಗುಣಿಸು x+1. ಮಧ್ಯದ ಎರಡು x² ಒಂದನ್ನೊಂದು ತಿಂದುಹಾಕಿ x³+x ಉಳಿಯಿತು. ಅಲ್ಲಿಯವರೆಗೆ ಇಬ್ಬರದ್ದೂ ಒಂದೇ. ಆಮೇಲೆ ನಾನು x³ ಇದ್ದ ಕಡೆ x²+1 ಹಾಕಿ 111 ಬರೆದೆ. ಪಕ್ಕದಲ್ಲಿ ಸಫ್ವಾನ್ x+1 ಹಾಕಿದ, ಎರಡು x ಹೊಡೆದುಹೋಗಿ ಅವನಿಗೆ 001 ಬಂತು.

ನಾನು ಅವನದ್ದನ್ನು ನೋಡಿದೆ. ಅವನು ನನ್ನದನ್ನು ನೋಡಿ ಹಲ್ಲು ಕಿಸಿದ.

"ಎಂತ ಪೂಜಾಶ್ರೀ, ಈ ಸಲ ನನ್ನ ನಂಬರ್ ಬಿಟ್ಟು ಬೇರೆಲ್ಲ ತಪ್ಪು ಬರ್ದಿದ್ದಿಯಲ್ಲ?"

ಮೈ ಉರಿಯಿತು. "ನೀನು x³ ಗೆ x+1 ಹಾಕಿದ್ದು ಯಾಕೆ? ಬೋರ್ಡಿನಲ್ಲಿ ಇದ್ದದ್ದು 1101!"

"1011," ಎಂದ ಸಫ್ವಾನ್.

"1101!"

"1011," ಎಂದರು ಟೀಚರ್, ಮೆಲ್ಲಗೆ. "ಬರೆದದ್ದು ನಾನು."

ಹಿಂದಿನ ಬೆಂಚಿನಿಂದ, ಟೀಚರ್ ಹೇಳಿದ್ದು ಕೇಳಿಸದ ಯಾರೋ, "ಸಫ್ವಾನ್ ಮದ್ರಸದಲ್ಲಿ ಕಲಿತವ, ಬಲದಿಂದ ಎಡಕ್ಕೆ ಓದಿರ್ಬೇಕು" ಎಂದು ತಮಾಷೆ ಮಾಡಿದರು. ಸಫ್ವಾನ್ ಅಲ್ಲಿಂದಲೇ, "ನಾನು ಎರಡೂ ಕಡೆಯಿಂದ ಓದ್ತೇನೆ ಮಾರಾಯ, ನಿಂಗೆ ಒಂದು ಕಡೆಯಿಂದಲೂ ಬರುದಿಲ್ಲ" ಎಂದ. ಕ್ಲಾಸು ಗೊಳ್ಳೆಂದಿತು. ಟೀಚರ್ ಮಾತ್ರ ನಗಲಿಲ್ಲ.

"ಪೂಜಾಶ್ರೀ, ಪ್ರಶ್ನೆಯನ್ನೂ ಸರಿಯಾಗಿ ಇಳಿಸಿಕೊಳ್ಳಲಿಲ್ಲವಾ?"

ಸೀಟು ಕೈಬಿಟ್ಟು ಹೋಗುವುದು ಕಣ್ಣೆದುರೇ ಕಂಡಿತು. ಆದರೆ ನನ್ನ ಹತ್ತಿರ ಸಾಕ್ಷಿ ಇದೆಯಲ್ಲ! "ಟೀಚರ್, ಫೋಟೋ ಉಂಟು" ಎಂದು ಮೊಬೈಲ್ ತೆಗೆದು ಅವರ ಮೇಜಿನ ಮೇಲೆ ಇಟ್ಟೆ. ಎಲ್ಲರೂ ಬಂದು ಮುತ್ತಿಕೊಂಡರು. ಬಿಳಿ ಸೀರೆ, ಮಲ್ಲಿಗೆ, ನನ್ನ ನಗು, ಹೆಗಲಿನ ಮೇಲೆ ಸ್ಪಷ್ಟವಾಗಿ 1101. ಸಫ್ವಾನ್‌ನ ಬಾಯಿ ಮುಚ್ಚಿತು. ಟೀಚರ್ ಕನ್ನಡಕ ತೆಗೆದು ಒರೆಸಿ ಪುನಃ ಹಾಕಿಕೊಂಡರು. ನಾನು ಕೈಕಟ್ಟಿ, ಗಲ್ಲ ಮೇಲೆತ್ತಿ ನಿಂತೆ. ಅಷ್ಟು ಮೇಲೆ ಎತ್ತಬಾರದಿತ್ತು.

ರಿಫಾನಾ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದಳು. "ಪೂಜಾ," ಎಂದಳು, "ನೀನು ಸೆರಗು ಹಾಕುದು ಯಾವ ಹೆಗಲಿಗೆ?"

"ಎಡಕ್ಕೆ. ಎಲ್ಲರ ಹಾಗೆ."

"ಇದರಲ್ಲಿ ಬಲಕ್ಕೆ ಉಂಟಲ್ಲ ಮಾರಾಯ್ತಿ."

ಕ್ಲಾಸಿನಲ್ಲಿ ಎಂಥ ನಗು ಎದ್ದಿತೆಂದರೆ ಪಕ್ಕದ ಕ್ಲಾಸಿನವರು ಬಾಗಿಲಿಗೆ ಬಂದು ಇಣುಕಿದರು. ನನ್ನ ಮೊಬೈಲಿನ ಮುಂದಿನ ಕ್ಯಾಮೆರಾ ಕನ್ನಡಿಯಲ್ಲಿ ಕಂಡ ಹಾಗೆಯೇ ಚಿತ್ರ ಉಳಿಸಿಕೊಳ್ಳುತ್ತದೆ. ಎಡ ಬಲವಾಗಿತ್ತು, ಬಲ ಎಡವಾಗಿತ್ತು. ಬೋರ್ಡಿನಲ್ಲಿ ಬೇರೆ ಯಾವ ಅಕ್ಷರ ಇದ್ದಿದ್ದರೂ ತಿರುಗುಮುರುಗಾದದ್ದು ಗೊತ್ತಾಗುತ್ತಿತ್ತು. ಆದರೆ ಅಲ್ಲಿದ್ದದ್ದು ಬರೀ ಒಂದು ಮತ್ತು ಸೊನ್ನೆ. ಹಾಳಾದ್ದು, ಕನ್ನಡಿಯಲ್ಲೂ ಒಂದು ಒಂದೇ, ಸೊನ್ನೆ ಸೊನ್ನೆಯೇ.

ನನ್ನ ಕಿವಿ ಕೆಂಪಾಯಿತು. ಎರಡು ದಿನ ಸ್ವಂತ ತಲೆ ಖರ್ಚು ಮಾಡಿದ್ದೆ, ಹುಟ್ಟಿದ ಮೇಲೆ ಇಷ್ಟು ಪ್ರಾಮಾಣಿಕವಾಗಿ ಯಾವ ಕೆಲಸವನ್ನೂ ಮಾಡಿರಲಿಲ್ಲ. "ನನ್ನ ಕೋಷ್ಟಕ ತಪ್ಪಲ್ಲ ಟೀಚರ್," ಎಂದೆ, ದನಿ ನಡುಗಿತು. "ಒಂದು ಸಾಲೂ ತಪ್ಪಿಲ್ಲ. ಬೇಕಾದ್ರೆ ನೋಡಿ."

"ತಪ್ಪು ಅಂತ ಯಾರು ಹೇಳಿದ್ದು?" ಎಂದರು ಟೀಚರ್. "ಇದೂ ಕ್ಷೇತ್ರವೇ. ಆದರೆ ನಾನು ಕೇಳಿದ್ದು ಇದನ್ನಲ್ಲ. ಬೆಲ್ಲಾಗ್ಲಿಕ್ಕೆ ಹದಿನೈದು ನಿಮಿಷ ಉಂಟು. ಎಂಟು ಮಂದಿಯ ಕ್ಷೇತ್ರ ಎಷ್ಟು ಕಟ್ಟಿದ್ರೂ ಒಳಗಿನ ಲೆಕ್ಕ ಒಂದೇ, ಹೆಸರು ಮಾತ್ರ ಬೇರೆ ಅಂತ ನಾನು ಪಾಠ ಮಾಡಿದ್ದೇನೆ. ನಿನ್ನ ಎಂಟು ಮಂದಿಯಲ್ಲಿ ಯಾರು ಇವನ ಯಾರು ಅಂತ ತೋರಿಸು. ಕೂಡಿದ್ರೂ ಗುಣಿಸಿದ್ರೂ ತಾಳೆ ಆಗ್ಬೇಕು. ತೋರಿಸಿದ್ರೆ ನಿನ್ನ ಹಾಳೆಯನ್ನು ತೆಗೆದುಕೊಳ್ತೇನೆ. ಇಲ್ಲದಿದ್ರೆ ಸೀಟು ಸಫ್ವಾನ್‌ದು."

ಹದಿನೈದು ನಿಮಿಷ. ಚಾಕ್‌ಪೀಸ್ ಹಿಡಿದೆ. ಸೊನ್ನೆಗೆ ಸೊನ್ನೆ, ಒಂದಕ್ಕೆ ಒಂದು, ಅದರಲ್ಲಿ ಆಯ್ಕೆಯೇ ಇಲ್ಲ. ನನ್ನ x ಗೆ ಅವನ x ಎಂದು ಬರೆದೆ, ತಕ್ಷಣ ಅಳಿಸಿದೆ. ನನ್ನ x ನ ಘನ 101, ಅವನದ್ದರ ಘನ 011. ಸ್ವಭಾವವೇ ಬೇರೆ. ನನ್ನ x ಗೆ ಅವನ x² ಎಂದು ನೋಡಿದೆ. ಅದೂ ಆಗಲಿಲ್ಲ. ಐದು ನಿಮಿಷ ಹೋಯಿತು.

ಹಿಂದಿನಿಂದ ಸಫ್ವಾನ್, "ಕನ್ನಡಿ ಕೊಡ್ಲಾ? ತಿರುಗಿಸಿ ನೋಡು, ಸರಿಯಾದೀತು" ಎಂದ.

ಅವನನ್ನು ಡಸ್ಟರಿನಿಂದ ಹೊಡೆಯಬೇಕೆಂದು ತಿರುಗಿದವಳು ಹಾಗೆಯೇ ನಿಂತೆ. ಕನ್ನಡಿ. ತಿರುಗಿಸುವುದು. ಬಹುಪದೋಕ್ತಿಯ ಅಂಕೆಗಳನ್ನು ತಿರುಗಿಸುವುದೆಂದರೆ ಏನು? ನನ್ನ x³+x²+1 ಸೊನ್ನೆ ಎಂಬುದನ್ನು ಬರೆದು, ಇಡಿಯಾಗಿ x³ ರಿಂದ ಭಾಗಿಸಿದೆ. ಮೊದಲನೆಯದು ಒಂದಾಯಿತು, ಎರಡನೆಯದು 1/x, ಮೂರನೆಯದು 1/x ನ ಘನ. ಅಂದರೆ 1/x ನ ಘನ, ಅದಕ್ಕೆ 1/x, ಅದಕ್ಕೆ ಒಂದು ಕೂಡಿದರೆ ಸೊನ್ನೆ. ಅಯ್ಯೋ ದೇವರೇ, ಅದು 1011! ನನ್ನ 1/x ಎಂಬುದೇ ಅವನ x. ಹಾಗಾದರೆ ನನ್ನ x ಎಂದರೆ ಅವನ 1/x.

ಅವನ ಲೋಕದಲ್ಲಿ 1/x ಯಾವುದು? x ರಿಂದ ಗುಣಿಸಿದರೆ ಒಂದು ಬರಬೇಕು. 101 ತೆಗೆದುಕೊಂಡೆ: x ಗುಣಿಸು x²+1, ಅಂದರೆ x³+x, ಅವನ x³ ಎಂದರೆ x+1, ಉಳಿಯಿತು ಒಂದು. ಸಿಕ್ಕಿದ! ನನ್ನ 010 ಅವನ 101. ಅದರ ವರ್ಗ ಮಾಡಿದೆ, ನನ್ನ 100 ಅವನ 111. ಉಳಿದವರು ಕೂಡಿಸುವುದರಿಂದ ತಾವಾಗಿ ಬಂದರು: 011 ಕ್ಕೆ 100, 110 ಕ್ಕೆ 010, 101 ಕ್ಕೆ 110, 111 ಕ್ಕೆ 011. ಬೋರ್ಡಿನ ಮೇಲೆ ಎರಡು ಸಾಲು, ಮಧ್ಯೆ ಬಾಣಗಳು.

"ಈಗ ಕೇಳಿ," ಎಂದೆ. ನನ್ನ ದನಿ ನಡುಗುತ್ತಿರಲಿಲ್ಲ. "ಆಗ ನಂಗೆ 110 ಗುಣಿಸು 011, 111 ಬಂತು. ಅದನ್ನು ಇವನ ಹೆಸರಿಗೆ ಬದಲಿಸಿದ್ರೆ 010 ಗುಣಿಸು 100, 011 ಬರ್ಬೇಕು. ಸಫ್ವಾನ್, ನಿನ್ನ ಹಾಳೆ ನೋಡು."

ಸಫ್ವಾನ್ ನೋಡಿದ. "x ಗುಣಿಸು x², x ನ ಘನ, 011. ಹೌದು," ಎಂದ, ಕಷ್ಟಪಟ್ಟು.

ಟೀಚರ್ ಸಫ್ವಾನ್‌ನ ಹಾಳೆಯನ್ನು ರಿಫಾನಾಳ ಕೈಗೆ ಕೊಟ್ಟರು. "ಒಂದೊಂದಾಗಿ ಓದು. ಪೂಜಾಶ್ರೀ ತನ್ನ ಕೋಷ್ಟಕದಿಂದ ಬದಲಿಸಿ ಹೇಳ್ಲಿ. ಪೂರ್ತಿ ನೋಡುವ."

ರಿಫಾನಾ ಓದಿದಳು, ನಾನು ಬಾಣ ಹಿಡಿದು ಅತ್ತ ಹೋಗಿ ಇತ್ತ ಬಂದು ಉತ್ತರ ಹೇಳಿದೆ. ಒಂದರ ಹಿಂದೆ ಒಂದು ತಾಳೆಯಾಗುತ್ತಾ ಬಂತು. ಕ್ಲಾಸು ಈಗ ನಗುತ್ತಿರಲಿಲ್ಲ, ಸ್ಕೋರ್ ನೋಡುವ ಹಾಗೆ ಮುಂದೆ ಬಾಗಿತ್ತು.

"111 ಗುಣಿಸು 111," ಎಂದಳು ರಿಫಾನಾ.

"ನನ್ನಲ್ಲಿ 100 ರ ವರ್ಗ, ಅಂದ್ರೆ 111. ಇವನ ಹೆಸರಿನಲ್ಲಿ 011."

ರಿಫಾನಾ ತಲೆ ಎತ್ತಿದಳು. "ಇಲ್ಲಿ 010 ಉಂಟು."

"ಕನ್ನಡಿ ಒಡೆಯಿತು!" ಎಂದು ಸಫ್ವಾನ್ ಬೆಂಚಿನಿಂದ ಎದ್ದೇಬಿಟ್ಟ.

ಪುನಃ ಲೆಕ್ಕ ಹಾಕಿದೆ. ಪುನಃ 011. ಅವನ ಹಾಳೆಯನ್ನು ರಿಫಾನಾಳ ಕೈಯಿಂದ ಕಿತ್ತುಕೊಂಡು 111 ರ ಸಾಲನ್ನು ನೋಡಿದೆ. ಆ ಸಾಲಿನಲ್ಲಿ 010 ಎರಡು ಕಡೆ ಇತ್ತು, 011 ಎಲ್ಲೂ ಇರಲಿಲ್ಲ.

"ನಿನ್ನ ಸಾಲಿನಲ್ಲಿ ಒಬ್ಬನೇ ಎರಡು ಸಲ ಕೂತಿದ್ದಾನಲ್ಲ!" ಎಂದೆ. "111 ರಿಂದ 011 ನ್ನು ಗುಣಿಸಿದ್ರೂ 010, 111 ನ್ನು ಗುಣಿಸಿದ್ರೂ 010. ಕ್ಷೇತ್ರದಲ್ಲಿ ಹಾಗೆ ಹೇಗೆ ಆಗ್ತದೆ?"

"ಸಫ್ವಾನ್, ಇಲ್ಲಿ ಮಾಡಿ ತೋರಿಸು," ಎಂದರು ಟೀಚರ್.

ಅವನು ಬಂದು ಬರೆದ. x²+x+1 ರ ವರ್ಗ. ಒಂದಕ್ಕೆ ಒಂದು ಸೊನ್ನೆಯಾಗುವ ಕಡೆ ಅಡ್ಡಪದಗಳೆಲ್ಲ ಹೊಡೆದುಹೋಗುತ್ತವೆ, ಉಳಿದದ್ದು x⁴+x²+1. ಅವನ x⁴ ಎಂದರೆ x²+x. ಎರಡು x² ಹೋದವು. ಉಳಿಯಿತು x+1. ಅವನು ಅದನ್ನೇ ನೋಡುತ್ತಾ ನಿಂತ. 011 ಎಂದು ಬರೆಯುವಾಗ ಚಾಕ್‌ಪೀಸ್ ಮುರಿಯಿತು. ಅವನಿಗೆ ಲೆಕ್ಕ ಬರುತ್ತದೆ ಎಂದೆನಲ್ಲ, ಒಂದು ನಿಮಿಷವೂ ಹಿಡಿಯಲಿಲ್ಲ. ಅದೇ ಅವನ ದುರದೃಷ್ಟ.

"ಇಷ್ಟು ಸುಲಭದ್ದನ್ನು ಹಾಳೆಯಲ್ಲಿ 010 ಅಂತ ಬರ್ದದ್ದು ಹೇಗೆ?" ಎಂದು ಟೀಚರ್ ಕೇಳಿದರು, ಬಹಳ ಪ್ರೀತಿಯಿಂದ.

ಸಫ್ವಾನ್ ನೆಲ ನೋಡಿದ.

"ನಾನು ಹೇಳ್ತೇನೆ. ಒಂಬತ್ತು ವರ್ಷದ ಹಿಂದೆ ನಾಯ್ಮಾರ್ಮೂಲೆಯ ಅಂಗಡಿಗೆ ನನ್ನ ನೋಟ್ಸನ್ನು ಕೊಟ್ಟು ಬಂದದ್ದು ನಾನೇ. ಕೊಡುವ ಮುಂಚೆ ಕೋಷ್ಟಕದ ಒಂದೇ ಒಂದು ಮನೆಯಲ್ಲಿ ಅಂಕೆ ಬದಲಿಸಿದೆ. ಕರ್ಣದ ಮೇಲೆ ಹಾಕಿದ್ರೆ ಅಡ್ಡಸಾಲನ್ನು ಉದ್ದಸಾಲಿಗೆ ತಾಳೆ ನೋಡಿದ್ರೂ ಗೊತ್ತಾಗುದಿಲ್ಲ. ಅಂದಿನಿಂದ ಪ್ರತಿ ವರ್ಷ ಯಾರು 010 ತರ್ತಾರೋ ಅವರು ಎಲ್ಲಿಂದ ತಂದ್ರು ಅಂತ ನಂಗೆ ಕೇಳ್ಬೇಕಾಗಿಲ್ಲ." ಟೀಚರ್ ಸೆರಗಿನಿಂದ ಚಾಕ್ ಧೂಳು ಕೊಡವಿದರು. "ತಪ್ಪು ಹುಡುಕುವ ವಿದ್ಯೆ ಕಲಿಸುವವಳಿಗೆ ತಪ್ಪು ಹಾಕ್ಲಿಕ್ಕೂ ಗೊತ್ತಿರ್ಬೇಕಲ್ಲ."

ಕ್ಲಾಸಿನಲ್ಲಿ ಎಷ್ಟೋ ಮಂದಿ ತಮ್ಮ ಹಾಳೆಗಳನ್ನು ಮೆಲ್ಲಗೆ ಚೀಲದೊಳಗೆ ತಳ್ಳುವ ಸದ್ದು ಕೇಳಿಸಿತು.

ಸಫ್ವಾನ್ ಇಂಗು ತಿಂದ ಮಂಗನ ಹಾಗೆ ನಿಂತಿದ್ದ. ಅವನನ್ನು ಹಾಗೆ ನೋಡಬೇಕೆಂದು ನಾನು ಎಷ್ಟು ದಿನ ಕಾದಿದ್ದೆ! ಆದರೆ ನೋಡುವಾಗ ಅಕ್ಕಿ ಡಬ್ಬದ ಮೇಲೆ ಬಿದ್ದಿರುವ ಜೆರಾಕ್ಸ್ ಕಣ್ಣಿಗೆ ಕಟ್ಟಿತು.

"ಸೀಟು ಪೂಜಾಶ್ರೀಗೆ," ಎಂದು ಟೀಚರ್ ರಿಜಿಸ್ಟರ್ ತೆಗೆದರು. ಹೆಸರು ಬರೆಯುವ ಮುಂಚೆ ಪೆನ್ನು ನಿಲ್ಲಿಸಿ ನನ್ನನ್ನು ನೋಡಿದರು. "ನಿನ್ನ ಹತ್ತಿರ ಆ ಜೆರಾಕ್ಸ್ ಇರಲಿಲ್ಲವಾ?"

ಇಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆ ಎರಡಕ್ಷರ ನಾಲಿಗೆಯ ತುದಿಗೆ ಬಂದಿತ್ತು ಕೂಡ.

"ಇತ್ತು ಟೀಚರ್," ಎಂದೆ. "ತಾಳೆ ನೋಡ್ಲಿಕ್ಕೆ ಅಂತ ಇಟ್ಟುಕೊಂಡಿದ್ದೆ. ಸೆಲ್ಫಿ ನೋಡಿದ್ರೆ ನಂಬರ್ ಬೇರೆ ಇತ್ತು. ಅದು ಉಪಯೋಗಕ್ಕೆ ಬರ್ಲಿಕ್ಕಿಲ್ಲ ಅಂತ ಬಿಸಾಡಿದೆ. ಹಿಂದಿನ ಕ್ಯಾಮೆರಾದಲ್ಲಿ ತೆಗೆದಿದ್ರೆ... ಆಗ ಎಂತ ಮಾಡ್ತಿದ್ದೆ ಅಂತ ನಂಗೂ ಗೊತ್ತಿಲ್ಲ."

ರಿಫಾನಾ ಹಣೆ ಬಡಿದುಕೊಂಡಳು. ಸಫ್ವಾನ್ ತಲೆ ಎತ್ತಿ ನನ್ನನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ. ಟೀಚರ ಭುಜ ಅಲುಗಲು ಶುರುವಾಯಿತು. ನಗುತ್ತಿದ್ದರು.

"ಒಂಬತ್ತು ವರ್ಷದಲ್ಲಿ ಇದನ್ನು ಬಾಯಿಬಿಟ್ಟು ಹೇಳಿದವಳು ನೀನೊಬ್ಬಳು. ಹೇಗೆ ಮಾಡಿದೆಯೋ, ಮಾಡಿದ್ದು ನೀನೇ. ಅದು ಸಾಕು," ಎಂದು ನನ್ನ ಹೆಸರು ಬರೆದರು. ಬೆಲ್ಲಾಯಿತು.

ಹೊರಡುವಾಗ ಸಫ್ವಾನ್ ಬಾಗಿಲಿನಲ್ಲಿ ಕಾಯುತ್ತಿದ್ದ. "ಮುಂದಿನ ಸಲ ನನ್ನ ಜೊತೆ ಸೆಲ್ಫಿ ತೆಗಿ ಮಾರಾಯ್ತಿ," ಎಂದ. "ನಂಗೂ ಸ್ವಲ್ಪ ಬುದ್ಧಿ ಬರ್ಲಿ." ನಾನು ಚೀಲದಿಂದ ಅವನ ಬೆನ್ನಿಗೆ ಒಂದು ಕೊಟ್ಟೆ. ಜೋರಾಗಿ ಕೊಡಲಿಲ್ಲ.

ಮರುದಿನ ಪ್ರಾಜೆಕ್ಟಿನ ಮೊದಲ ಕೆಲಸಕ್ಕೆಂದು ಟೀಚರ್ ನನ್ನನ್ನು ಸ್ಟಾಫ್‌ರೂಮಿಗೆ ಕರೆದರು. ಮೇಜಿನ ಮೇಲೆ ಅದೇ ಹಳೆಯ ನೋಟ್ಸಿನ ಹೊಸ ಕೈಪ್ರತಿ. ಕೋಷ್ಟಕದಲ್ಲಿ ಈಗ ಎಲ್ಲವೂ ಸರಿಯಾಗಿತ್ತು; 111 ಗುಣಿಸು 111 ಕೂಡ 011 ಆಗಿ ಕೂತಿತ್ತು.

"ಆ 010 ಈಗ ಎಲ್ಲರಿಗೂ ಗೊತ್ತಾಯ್ತಲ್ಲ," ಎಂದು ಅವರು ಪೆನ್ನನ್ನು ನನ್ನತ್ತ ಚಾಚಿದರು. "ಸಂಜೆ ನಾಯ್ಮಾರ್ಮೂಲೆಯಲ್ಲಿ ಇಳಿದು ಇದನ್ನು ಅಂಗಡಿಗೆ ಕೊಟ್ಟು ಹೋಗು. ಅದಕ್ಕೆ ಮುಂಚೆ ಒಂದು ಮನೆಯಲ್ಲಿ ಅಂಕೆ ಬದಲಿಸು. ಎಲ್ಲಿ ಅಂತ ನಂಗೆ ಹೇಳ್ಬೇಡ, ನಾನೇ ಹುಡುಕ್ತೇನೆ."

ನಾನು ಅರ್ಧ ಗಂಟೆ ಯೋಚಿಸಿ ಒಂದು ಮನೆ ಆರಿಸಿದೆ. ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಮುಂದಿನ ವರ್ಷದವರು ಇದನ್ನೂ ಓದಿಯಾರು.